ದೀಪಾವಳಿಗೆ ಅಂಗಡಿ ವೇಳೆ ಹಾಕುವುದು: ಗೂಗಲ್‌ನಲ್ಲಿ ವೇಳೆ ಒಂದು ಕಡೆ, ಆಫರ್ ಇನ್ನೊಂದು ಕಡೆ

ಹಬ್ಬ ಬಂತೆಂದರೆ ಬಹಳಷ್ಟು ಅಂಗಡಿಯವರು ಒಂದು ಬಣ್ಣದ ಪೋಸ್ಟರ್ ಮಾಡಿಸುತ್ತಾರೆ. ಮೇಲೆ ದೀಪ, ನಡುವೆ ‘ಶೇ 10 ರಿಯಾಯಿತಿ’, ಕೆಳಗೆ ಸಣ್ಣ ಅಕ್ಷರದಲ್ಲಿ ‘ರಾತ್ರಿ 10ರವರೆಗೆ ತೆರೆದಿರುತ್ತದೆ’. ಅದನ್ನು ಗೂಗಲ್‌ನ ಅಂಗಡಿ ಪುಟದಲ್ಲಿ ಹಾಕಿ, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಬಾದಾಮಿ ಕಡೆಯಿಂದ ಬಸ್ ಹತ್ತುವ ಮುಂಚೆ ಗಿರಾಕಿ ಮೊಬೈಲಿನಲ್ಲಿ ನೋಡುವುದು ಪೋಸ್ಟರನ್ನಲ್ಲ, ಹೆಸರಿನ ಕೆಳಗಿನ ‘ತೆರೆದಿದೆ’ ಅಥವಾ ‘ಮುಚ್ಚಿದೆ’ ಎಂಬ ಒಂದು ಪದವನ್ನು. ಆ ಪದ ಪೋಸ್ಟರ್ ಓದಿ ಬದಲಾಗುವುದಿಲ್ಲ. ವೇಳೆಯ ಖಾನೆಯಲ್ಲಿ ತುಂಬಿದ ಅಂಕಿಯಿಂದ ಮಾತ್ರ ಬದಲಾಗುತ್ತದೆ. ಈ ಟಿಪ್ಪಣಿಯಲ್ಲಿ ಮೊದಲು ವೇಳೆ, ಆಮೇಲೆ ಆಫರ್. ಎರಡನ್ನೂ ಒಂದೇ ಉದಾಹರಣೆಯಲ್ಲಿ ನೋಡೋಣ.

ಉದಾಹರಣೆಗೆ ಬಾಗಲಕೋಟೆಯ ನವನಗರದಲ್ಲಿ ಇಳಕಲ್ ಸೀರೆ, ಗುಳೇದಗುಡ್ಡ ಖಣ ಮಾರುವ ಒಂದು ಅಂಗಡಿ ಇದೆ ಎಂದುಕೊಳ್ಳಿ. ದಿನದ ವೇಳೆ ಬೆಳಿಗ್ಗೆ 10ರಿಂದ ರಾತ್ರಿ 8:30. ಮಂಗಳವಾರ ವಾರದ ರಜೆ. ಲೆಕ್ಕಕ್ಕೆ 2025ರ ದೀಪಾವಳಿಯನ್ನೇ ಹಿಡಿಯೋಣ: ಅಕ್ಟೋಬರ್ 20 ಸೋಮವಾರ ನರಕ ಚತುರ್ದಶಿ, 22 ಬುಧವಾರ ಬಲಿಪಾಡ್ಯಮಿ. ನಡುವಿನ ಮಂಗಳವಾರ ಸಂಜೆ ಈ ಅಂಗಡಿಯವರ ಲಕ್ಷ್ಮೀ ಪೂಜೆ. ಹಿಂದಿನ ವರ್ಷ, 2024ರಲ್ಲಿ, ಪಾಡ್ಯ ಬಂದದ್ದು ನವೆಂಬರ್ 2ಕ್ಕೆ. ಪಂಚಾಂಗದ ಹಬ್ಬ ಹೀಗೆ ಸರಿಯುವುದರಿಂದ ಹಬ್ಬದ ವೇಳೆಯನ್ನು ಪ್ರತಿ ವರ್ಷ ಹೊಸದಾಗಿ ದಿನಾಂಕ ಹಾಕಿಯೇ ತುಂಬಬೇಕು. ಹೋದ ವರ್ಷ ತುಂಬಿದ್ದು ಈ ವರ್ಷಕ್ಕೆ ತಾನಾಗಿ ಬರುವುದಿಲ್ಲ.

ವೇಳೆ ತುಂಬುವ ಜಾಗ

ಅಂಗಡಿ ಪುಟ ನೋಡಿಕೊಳ್ಳುವ ಜಿಮೇಲ್ ಖಾತೆಯಿಂದಲೇ ಗೂಗಲ್‌ಗೆ ಹೋಗಿ, ನಿಮ್ಮ ಅಂಗಡಿಯ ಹೆಸರು ಅಥವಾ my business ಎಂದು ಹುಡುಕಿ. ಬರುವ ಪಟ್ಟಿಯಲ್ಲಿ Edit profile ಒತ್ತಿ, ಅದರೊಳಗೆ Hours ಭಾಗಕ್ಕೆ ಹೋಗಿ. ಅಲ್ಲಿ ಮಾಮೂಲಿ ವೇಳೆ ಒಂದು ಕಡೆ ಇರುತ್ತದೆ, Special hours ಅಥವಾ Holiday hours ಎಂಬುದು ಬೇರೆಯಾಗಿ ಇರುತ್ತದೆ. ನಮಗೆ ಬೇಕಾದದ್ದು ಎರಡನೆಯದು. ಮಾಮೂಲಿ ವೇಳೆ ತುಂಬಿರದಿದ್ದರೆ ಮೊದಲು ಅದನ್ನು ತುಂಬಬೇಕು, ಅದಿಲ್ಲದೆ ಹಬ್ಬದ ವೇಳೆ ಹಾಕಲು ಬರುವುದಿಲ್ಲ.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುವ ತಪ್ಪು ಎಂದರೆ ಅವಸರದಲ್ಲಿ ಮಾಮೂಲಿ ವೇಳೆಯನ್ನೇ ತಿದ್ದಿಬಿಡುವುದು. 8:30 ಇದ್ದದ್ದನ್ನು 10 ಮಾಡುತ್ತಾರೆ, ಹಬ್ಬ ಮುಗಿದ ಮೇಲೆ ಮರೆಯುತ್ತಾರೆ. ನವೆಂಬರ್ ಕೊನೆಗೆ ಮದುವೆ ಜವಳಿಗೆ ಬಂದ ಮನೆಮಂದಿ ರಾತ್ರಿ 9ಕ್ಕೆ ಇಳಿಸಿದ ಶಟರ್ ನೋಡಿ ಹೋಗುತ್ತಾರೆ. ಹಬ್ಬದ ಖಾನೆಯಲ್ಲಿ ಹಾಕಿದ ವೇಳೆ ಆ ದಿನಾಂಕಕ್ಕಷ್ಟೇ ಸೀಮಿತ. ಮರುದಿನ ಮಾಮೂಲಿ ವೇಳೆ ತಾನೇ ಮರಳುತ್ತದೆ, ತಿದ್ದುವ ಕೆಲಸವೇ ಇಲ್ಲ.

ನಮ್ಮ ಅಂಗಡಿಗೆ ಐದು ದಿನಾಂಕ ಬೇಕು.

ಶನಿವಾರ 18 ಸರಳ: ಬೆಳಿಗ್ಗೆ 9:30ರಿಂದ ರಾತ್ರಿ 10. ಭಾನುವಾರ 19 ವ್ಯಾಪಾರ ಜೋರು, ನಡುರಾತ್ರಿ 12:30ರವರೆಗೆ ತೆರೆದಿರುತ್ತಾರೆ. ಇದನ್ನು 19ರ ಸಾಲಿನಲ್ಲಿಯೇ 9:30 AMನಿಂದ 12:30 AM ಎಂದು ಹಾಕಬೇಕು. 12 ದಾಟಿದ ಅರ್ಧ ತಾಸಿಗೆ 20ನೇ ತಾರೀಖಿನಲ್ಲಿ ಇನ್ನೊಂದು ಸಾಲು ಬೇಡ, ವ್ಯಾಪಾರ ಶುರುವಾದ ದಿನದ ಲೆಕ್ಕಕ್ಕೇ ಅದು ಸೇರುತ್ತದೆ. ಕೈತಪ್ಪಿ 12:30 PM ಆರಿಸಿದಿರೋ, ಅದು ಮಧ್ಯಾಹ್ನ ಹನ್ನೆರಡೂವರೆ. ವರ್ಷದ ದೊಡ್ಡ ವ್ಯಾಪಾರದ ದಿನ ಮಧ್ಯಾಹ್ನದಿಂದಲೇ ಪುಟದಲ್ಲಿ ‘ಮುಚ್ಚಿದೆ’ ಎಂದು ಬರುತ್ತದೆ, ಒಳಗೆ ಮಾತ್ರ ಗದ್ದಲ ನಡೆದಿರುತ್ತದೆ. ಹೀಗಾಗಿದೆ ಎಂದು ಗೊತ್ತಾಗುವುದು ‘ಅಣ್ಣಾರ, ಅಂಗಡಿ ತೆರದೈತೇನ್ರಿ?’ ಎಂಬ ಫೋನು ಮೇಲಿಂದ ಮೇಲೆ ಬರತೊಡಗಿದಾಗ.

ಸೋಮವಾರ 20ಕ್ಕೆ ಬೆಳಿಗ್ಗೆ ಎಣ್ಣೆಸ್ನಾನ, ಆರತಿ ಎಲ್ಲ ಮುಗಿಸಿ ಬರುವುದರಿಂದ 11ರಿಂದ ರಾತ್ರಿ 10. ಪ್ರತಿ ವರ್ಷ ಒಂದೊಂದು ತಾಸು ತಡವಾಗುತ್ತಿದ್ದರೆ 12 ಎಂದೇ ಹಾಕಿ. ಹೇಳಿದ್ದಕ್ಕಿಂತ ಬೇಗ ತೆರೆದರೆ ಯಾರೂ ಬೈಯುವುದಿಲ್ಲ.

ಮಂಗಳವಾರ 21 ತಿಳಿದುಕೊಳ್ಳಬೇಕಾದ ದಿನ. ಅವತ್ತು ವಾರದ ರಜೆ, ಆದರೆ ಹಬ್ಬಕ್ಕಾಗಿ ಅಂಗಡಿ ತೆರೆಯುತ್ತಾರೆ. ಏನೂ ಹಾಕದೆ ಬಿಟ್ಟರೆ ದಿನವಿಡೀ ‘ಮುಚ್ಚಿದೆ’. ಹಬ್ಬದ ಖಾನೆಯಲ್ಲಿ ವೇಳೆ ಹಾಕಿದರೆ ಅದು ವಾರದ ರಜೆಯನ್ನೂ ಮೀರಿ ನಿಲ್ಲುತ್ತದೆ. ಇನ್ನೊಂದು ತೊಡಕು, ಸಂಜೆ ಅಂಗಡಿಯಲ್ಲಿಯೇ ಲಕ್ಷ್ಮೀ ಪೂಜೆ. ಖಾತೆ ಪುಸ್ತಕ, ತಕ್ಕಡಿ, ಗಲ್ಲಾ ಪೆಟ್ಟಿಗೆಗೆ ಪೂಜೆ ನಡೆಯುವಾಗ ಸೀರೆ ಬಿಚ್ಚಿ ತೋರಿಸಲು ಆಗುವುದಿಲ್ಲ. ಬಾಗಿಲು ತೆರೆದಿರುತ್ತದೆ, ವ್ಯಾಪಾರ ಇರುವುದಿಲ್ಲ. ಗಿರಾಕಿಯ ಮಟ್ಟಿಗೆ ಅದು ಮುಚ್ಚಿದಂತೆಯೇ. ಆದ್ದರಿಂದ ಆ ದಿನವನ್ನು ಎರಡು ತುಂಡು ಮಾಡಬೇಕು: ಬೆಳಿಗ್ಗೆ 9ರಿಂದ ಸಂಜೆ 4:30, ಮತ್ತೆ ರಾತ್ರಿ 8ರಿಂದ 10:30. ಒಂದು ಸಾಲು ತುಂಬಿದ ಮೇಲೆ ಪಕ್ಕದ ಕೂಡಿಸುವ ಗುರುತು ಒತ್ತಿದರೆ ಅದೇ ದಿನಾಂಕಕ್ಕೆ ಎರಡನೇ ಸಾಲು ತೆರೆಯುತ್ತದೆ. ಪ್ರಸಾದಕ್ಕೆ ಬರುವ ಪರಿಚಯದವರಿಗೆ ಗೂಗಲ್ ಬೇಕಾಗಿಲ್ಲ, ಅವರು ಬಂದೇ ಬರುತ್ತಾರೆ.

ಬುಧವಾರ 22 ಪಾಡ್ಯಕ್ಕೆ Closed. ಗುರುವಾರ 23ರಿಂದ ಮಾಮೂಲಿ, ಏನೂ ಹಾಕುವುದು ಬೇಡ. ಸರಕಾರಿ ರಜೆಯ ದಿನ ವೇಳೆ ಏನೂ ಬದಲಾಗದಿದ್ದರೂ ಅದನ್ನು ಒಮ್ಮೆ ಖಚಿತಪಡಿಸುವುದು ಒಳ್ಳೆಯದು. ಇಲ್ಲದಿದ್ದರೆ ‘ಹಬ್ಬದ ಕಾರಣ ವೇಳೆ ಬೇರೆ ಇರಬಹುದು’ ಎಂಬ ಅರ್ಥದ ಸಾಲು ಬಂದು ಗಿರಾಕಿಗೆ ಅನುಮಾನ ಹುಟ್ಟಿಸುತ್ತದೆ. ಒಂದು ವಾರಕ್ಕೂ ಮೀರಿ ಅಂಗಡಿ ಮುಚ್ಚಿ ಊರಿಗೆ ಹೋಗುವವರಿಗೆ ಈ ಖಾನೆ ಅಲ್ಲ. ಅದಕ್ಕೆ ‘ತಾತ್ಕಾಲಿಕವಾಗಿ ಮುಚ್ಚಿದೆ’ ಎಂಬ ಆಯ್ಕೆ ಬೇರೆ ಇದೆ.

ಆಫರ್ ಬರೆಯುವುದು

ವೇಳೆ ಸರಿಯಾಯಿತು, ಈಗ ಪೋಸ್ಟ್. ಅದೇ ಪಟ್ಟಿಯಲ್ಲಿ ಪೋಸ್ಟ್ ಸೇರಿಸುವ ಗುಂಡಿ ಒತ್ತಿದರೆ Update, Offer, Event ಎಂಬ ಮೂರು ಬಗೆ ಸಿಗುತ್ತವೆ. ರಿಯಾಯಿತಿಗೆ Offer ಆರಿಸಿ. ಇದಕ್ಕೆ ಶೀರ್ಷಿಕೆ, ಶುರುವಾಗುವ ಮತ್ತು ಮುಗಿಯುವ ದಿನಾಂಕ ಬೇಕೇ ಬೇಕು. ವಿವರ, ಫೋಟೋ, ಕೂಪನ್ ಸಂಖ್ಯೆ, ಷರತ್ತು ಬೇಕಾದರೆ ಹಾಕಬಹುದು. ಮುಗಿಯುವ ದಿನಾಂಕ ದಾಟಿದ ಮೇಲೆ ಆಫರ್ ತಾನಾಗಿ ಇಳಿದುಹೋಗುತ್ತದೆ. Updateನಲ್ಲಿ ಬರೆದರೆ ಈ ಅನುಕೂಲ ಇಲ್ಲ, ಕಾರ್ತಿಕ ಮುಗಿದರೂ ಪುಟದಲ್ಲಿ ದೀಪಾವಳಿ ರಿಯಾಯಿತಿ ಹಾಗೇ ಕೂತಿರುತ್ತದೆ.

ಶೀರ್ಷಿಕೆಗೆ 58 ಅಕ್ಷರದ ಮಿತಿ. ಕನ್ನಡದಲ್ಲಿ ಇದು ಬೇಗ ತುಂಬುತ್ತದೆ, ಯಾಕೆಂದರೆ ಕಂಪ್ಯೂಟರ್ ಗುಣಿತ, ಒತ್ತುಗಳನ್ನೂ ಬೇರೆ ಬೇರೆ ಎಣಿಸುತ್ತದೆ. ‘ಗುಳೇದಗುಡ್ಡ’ ನಮ್ಮ ಕಣ್ಣಿಗೆ ಐದು ಅಕ್ಷರ, ಅದರ ಲೆಕ್ಕದಲ್ಲಿ ಹತ್ತು. ‘ದೀಪಾವಳಿಯ ಹಾರ್ದಿಕ ಶುಭಾಶಯಗಳು’ ಎಂದು ಶುರು ಮಾಡಿದರೆ ಅರ್ಧ ಜಾಗ ಅಲ್ಲೇ ಹೋಯಿತು. ‘ಇಳಕಲ್ ಸೀರೆಗೆ ಗುಳೇದಗುಡ್ಡ ಖಣ ಉಚಿತ’ ಎಂದರೆ ಸಾಕು, ವಿಷಯ ಪೂರ್ತಿ ಬಂತು.

ವಿವರಕ್ಕೆ 1500 ಅಕ್ಷರ ಇದ್ದರೂ ತೆರೆಯದೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಏನು, ಎಷ್ಟಕ್ಕೆ, ಎಲ್ಲಿಯತನಕ ಎಂಬುದು ಅಲ್ಲೇ ಇರಬೇಕು. ಹೀಗೆ:

‘₹3,000 ಅಥವಾ ಅದಕ್ಕೂ ಮೇಲಿನ ಒಂದು ಇಳಕಲ್ ಸೀರೆಗೆ ಒಂದು ಕುಪ್ಪಸದ ಖಣ ಉಚಿತ. ಅ. 18ರಿಂದ 21ರವರೆಗೆ, ಮೊದಲ 40 ಸೀರೆಗಳಿಗೆ. ಖಣದ ಬಣ್ಣ ಇದ್ದುದರಲ್ಲಿ ಆರಿಸಿಕೊಳ್ಳಬಹುದು. ಬೇರೆ ರಿಯಾಯಿತಿ ಜೊತೆ ಸೇರುವುದಿಲ್ಲ. 21ರಂದು ಸಂಜೆ 4:30ರಿಂದ 8ರವರೆಗೆ ಪೂಜೆ, ವ್ಯಾಪಾರ ಇಲ್ಲ. 22 ಪಾಡ್ಯ ರಜೆ.’

ಪ್ರತಿ ಮಾತಿಗೂ ಕಾರಣ ಇದೆ. ‘ಒಂದು ಸೀರೆಗೆ’ ಎನ್ನದಿದ್ದರೆ ₹1,500ರ ಎರಡು ಸೀರೆ ಕೂಡಿಸಿ ಖಣ ಕೇಳುವವರು ಬರುತ್ತಾರೆ, ಅವರದು ತಪ್ಪೂ ಅಲ್ಲ. ‘ಮೊದಲ 40’ ಎಂದು ಬರೆಯುವುದು ಜಗಳ ತಪ್ಪಿಸಲು ಮಾತ್ರವಲ್ಲ. ದಾರಿ ತಪ್ಪಿಸುವ ಜಾಹೀರಾತು ತಡೆಯಲು 2022ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯ ಪ್ರಕಾರ, ಮಾಲು ಸೀಮಿತವಾಗಿದ್ದರೆ ಅದನ್ನು ಜಾಹೀರಾತಿನಲ್ಲೇ ಹೇಳಬೇಕು. ಆಫರ್ ಮುಗಿಯುವ ದಿನಾಂಕ 21 ಇರಬೇಕೇ ಹೊರತು 22 ಅಲ್ಲ. 22 ಹಾಕಿದರೆ ಆಫರ್ ನಡೆದಿದೆ ಎಂದು ಪಾಡ್ಯದ ದಿನ ಬಂದವರಿಗೆ ಬೀಗ ಸಿಗುತ್ತದೆ.

‘ಶೇ 10’ರ ಬದಲು ಖಣ ಯಾಕೆ? ಲೆಕ್ಕ ಹಾಕಿ ನೋಡಿ. ₹3,000ದ ಸೀರೆಯಲ್ಲಿ ₹600 ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ಶೇ 10 ಬಿಟ್ಟರೆ ₹300 ಹೋಗಿ ಅರ್ಧ ಲಾಭವೇ ಕರಗಿತು. ಖಣದ ಖರೀದಿ ₹180 ಆದರೆ ಉಳಿಯುವುದು ₹420, ಗಿರಾಕಿಯ ಕಣ್ಣಿಗೆ ಮಾತ್ರ ಅದು ₹260 ಬೆಲೆಯ ಖಣ. ಜೊತೆಗೆ ನಮ್ಮ ಕಡೆ ರಿಯಾಯಿತಿ ಹಾಕಿದ ಬೆಲೆಯ ಮೇಲೂ ಚೌಕಾಸಿ ನಡೆಯುತ್ತದೆ. ಕೈಗೆ ಖಣ ಕೊಟ್ಟರೆ ಆ ಮಾತು ಸ್ವಲ್ಪ ಬೇಗ ನಿಲ್ಲುತ್ತದೆ. 40 ಖಣಕ್ಕೆ ₹7,200 ಖರ್ಚು, ಅದಕ್ಕೂ ಮೇಲೆ ಹೋಗುವುದಿಲ್ಲ ಎಂಬುದೂ ಮೊದಲೇ ಗೊತ್ತಿರುತ್ತದೆ.

ಫೋಟೋಗೆ ಅಕ್ಷರ ತುಂಬಿದ ಪೋಸ್ಟರ್ ಬೇಡ. ಪುಟದಲ್ಲಿ ಅದು ಸಣ್ಣದಾಗಿ, ಕೆಲವೆಡೆ ಅಂಚು ಕತ್ತರಿಸಿ ಕಾಣುತ್ತದೆ, ಮೊದಲು ಮಾಯವಾಗುವುದು ಕೆಳಗಿನ ಅಂಚಿನಲ್ಲಿ ಬರೆದ ವೇಳೆಯೇ. ಸೀರೆಯನ್ನು ಮಡಿಸಿಟ್ಟು, ಕೆಂಪು ಸೆರಗಿನ ಬಿಳಿ ತೆನೆಗಳು ಚಿತ್ರದ ನಡುವೆ ಬರುವಂತೆ ಹಾಸಿ, ಮೇಲೊಂದು ಖಣ ಇಟ್ಟು, ಮೊಬೈಲ್ ಅಡ್ಡ ಹಿಡಿದು ಹಗಲು ಬೆಳಕಿನಲ್ಲಿ ತೆಗೆಯಿರಿ. ಸೆರಗು ನೋಡಿದರೆ ಇಳಕಲ್ ಎಂದು ಹೆಸರು ಬರೆಯುವ ಅಗತ್ಯವೇ ಇಲ್ಲ. ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಖಣದ ಬಣ್ಣ ಬೇರೆಯೇ ಕಾಣಿಸಿ, ‘ಫೋಟೋದಾಗಿನ ಬಣ್ಣ ಕೊಡ್ರಿ’ ಎಂಬ ವಾದ ಶುರುವಾಗುತ್ತದೆ. ಅಳತೆ 400×300 ಪಿಕ್ಸೆಲ್‌ಗಿಂತ ಕಡಿಮೆ ಇರಬಾರದು. ಈಗಿನ ಯಾವ ಮೊಬೈಲಿಗೂ ಅದು ತೊಂದರೆ ಅಲ್ಲ, ಆದರೆ ವಾಟ್ಸಾಪ್‌ನಲ್ಲಿ ನಾಲ್ಕು ಕೈ ದಾಟಿ ಬಂದ ಚಿತ್ರ ಮಸುಕಾಗಿರುತ್ತದೆ.

ಪೋಸ್ಟ್ ತಿರಸ್ಕಾರವಾದರೆ ಮೊದಲು ನೋಡಬೇಕಾದದ್ದು ಫೋನ್ ನಂಬರ್. ಪೋಸ್ಟಿನ ಬರಹದಲ್ಲಿ ನಂಬರ್ ಹಾಕುವುದಕ್ಕೆ ಗೂಗಲ್ ಒಪ್ಪುವುದಿಲ್ಲ. ನಂಬರಿಗೆ ಅಂಗಡಿ ಪುಟದಲ್ಲೇ ಜಾಗ ಇದೆ, ಕರೆ ಮಾಡುವ ಗುಂಡಿ ಅಲ್ಲಿಂದಲೇ ಬರುತ್ತದೆ. ಪರಿಶೀಲನೆಗೆ ಸಮಯ ಹಿಡಿಯಬಹುದಾದ್ದರಿಂದ 18ರ ಆಫರನ್ನು 14ಕ್ಕೇ ಹಾಕಿಡಿ.

ಕೊನೆಗೆ ಪರೀಕ್ಷೆ. ನಿಮ್ಮ ಖಾತೆಯಿಂದ ನೋಡಿದರೆ ಸಾಲದು. ಮನೆಯವರ ಮೊಬೈಲಿನಲ್ಲಿ ಅಂಗಡಿ ಹೆಸರು ಹುಡುಕಿ, ವೇಳೆಯ ಸಾಲು ಬಿಚ್ಚಿ, 21ನೇ ತಾರೀಖಿಗೆ ಎರಡು ತುಂಡು ಕಾಣುತ್ತವೆಯೇ, 19ಕ್ಕೆ 12:30 AM ಇದೆಯೇ ನೋಡಿ. ನಕಾಶೆಯ ಗುರುತನ್ನೂ ಒಮ್ಮೆ ನೋಡಿ. ಆಲಮಟ್ಟಿ ಹಿನ್ನೀರಿನಿಂದ ಹಳೆ ಊರು ಬಿಟ್ಟು ನವನಗರಕ್ಕೆ ಬಂದ ಅಂಗಡಿಯಾದರೆ ಸೆಕ್ಟರ್ ಸಂಖ್ಯೆ ವಿಳಾಸದಲ್ಲಿ ಇರಬೇಕು, ಇಲ್ಲದಿದ್ದರೆ ಹೊರಗಿನವರು ಹಳೆ ಊರಿನಲ್ಲಿ ಹುಡುಕುತ್ತಾರೆ. ಹಬ್ಬದ ದಿನಗಳಲ್ಲಿ ಬೆಳಿಗ್ಗೆ ಗಲ್ಲಾ ತೆರೆಯುವಾಗ ಇದೇ ಪುಟವನ್ನು ಮತ್ತೊಮ್ಮೆ ನೋಡಬೇಕು, ಯಾಕೆಂದರೆ ಬಂದು ಹೋದವರು ಸೂಚಿಸಿದ ತಿದ್ದುಪಡಿಯನ್ನು ಒಪ್ಪಿಕೊಂಡು ಗೂಗಲ್ ವೇಳೆ ಬದಲಿಸುವುದೂ ಉಂಟು. 40ನೇ ಖಣ ಕೊಟ್ಟ ತಕ್ಷಣ ಆಫರ್ ಪೋಸ್ಟನ್ನು ಅಳಿಸಿ, 21 ಬರುವತನಕ ಕಾಯಬೇಡಿ. ವೇಳೆಯ ಸಾಲುಗಳನ್ನು ಮಾತ್ರ ಮುಟ್ಟಬೇಡಿ.