ಹಬ್ ಹಸಿರು, ಸೆನ್ಸರ್ ಬೂದು

ಬೆಳಗ್ಗೆ ಏಳು ಗಂಟೆಗೆ ಭಾವ ತಮ್ಮ ಮನೆಯ ಸ್ಮಾರ್ಟ್ ಸಾಮಾನುಗಳ ಆ್ಯಪಿನ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದರು. ಮದುವೆಗೆಂದು ಕುಶಾಲನಗರಕ್ಕೆ ಹೋಗಿ ಅಲ್ಲೇ ಉಳಿದಿದ್ದರು. ಮನೆ ಸೋಮವಾರಪೇಟೆ ಕಡೆ, ತೋಟದ ಮಧ್ಯೆ. ಚಿತ್ರದಲ್ಲಿ ಆ ಸಾಮಾನುಗಳನ್ನೆಲ್ಲ ಇಂಟರ್ನೆಟ್‌ಗೆ ಜೋಡಿಸೋ ಪೆಟ್ಟಿಗೆ, ಅಂದರೆ ಹಬ್, ಅದರ ಪಕ್ಕ ಹಸಿರು ಚುಕ್ಕೆ, ಗೀಸರಿನ ಸ್ಮಾರ್ಟ್ ಪ್ಲಗ್ ಪಕ್ಕ ಹಸಿರು ಚುಕ್ಕೆ, ಮುಂಬಾಗಿಲಿನ ಸೆನ್ಸರ್ ಕೂಡ ಸರಿಯಾಗಿದೆ. ಗೋದಾಮಿನ ತೇವಾಂಶದ ಸೆನ್ಸರ್ ಮಾತ್ರ ಬೂದು ಬಣ್ಣ, ಆಫ್‌ಲೈನ್. ಕೆಳಗೆ ಒಂದೇ ಸಾಲು: "ಹಬ್ ಸರಿ ಇದೆಯಲ್ಲ ಮಾರಾಯ, ಇದು ಹಾಳಾಯ್ತಾ?"

ಗೋದಾಮಿನಲ್ಲಿ ಕಾಳುಮೆಣಸಿನ ಮೂಟೆಗಳಿವೆ, ಹೊರಗೆ ಜುಲೈ ತಿಂಗಳ ಮಳೆ. ಅವರಿಗೆ ತಲೆಬಿಸಿ ಆಗಿದ್ದು ಸಹಜವೇ.

ಹಬ್ ಪಕ್ಕದ ಆ ಹಸಿರು ಚುಕ್ಕೆ ನಿಜವಾಗಿ ಏನು ಹೇಳುತ್ತದೆ ಅಂತ ಮೊದಲು ನೋಡೋಣ. ಹಬ್‌ಗೆ ಎರಡು ಕಡೆ ಸಂಬಂಧ. ಒಂದು ಇಂಟರ್ನೆಟ್ ಕಡೆಗೆ, ಅಂದರೆ ರೂಟರ್, ಫೈಬರ್, ಕಂಪನಿಯ ಸರ್ವರ್, ಅಲ್ಲಿಂದ ಭಾವನ ಫೋನ್. ಇನ್ನೊಂದು ಮನೆಯೊಳಗಿನ ಸಾಮಾನುಗಳ ಕಡೆಗೆ, ಅದು ಜಿಗ್‌ಬೀ ಅನ್ನೋ ಸಣ್ಣ ರೇಡಿಯೋ. (ಜೇನುಹುಳು ಗೂಡಿಗೆ ಬಂದು ಕುಣಿದು ದಾರಿ ಹೇಳುತ್ತದಲ್ಲ, ಆ ಕುಣಿತದಿಂದ ಬಂದ ಹೆಸರದು. ಕೊಡಗಿನವರಿಗೆ ಇಷ್ಟ ಆಗಬೇಕು.) ಹಸಿರು ಚುಕ್ಕೆ ಮೊದಲನೇ ಸಂಬಂಧದ ಬಗ್ಗೆ ಮಾತ್ರ ಹೇಳುತ್ತದೆ. ಎರಡನೇದರ ಬಗ್ಗೆ ಅದಕ್ಕೆ ಮಾತೇ ಇಲ್ಲ. ಪೋಸ್ಟ್ ಆಫೀಸ್ ತೆರೆದಿದೆ ಅಂದಮಾತ್ರಕ್ಕೆ ತೋಟದ ಆಚೆ ಮನೆಗೆ ಕಾಗದ ಮುಟ್ಟಿತು ಅಂತ ಅಲ್ಲ ಅಲ್ವಾ?

ಇನ್ನು ಆಫ್‌ಲೈನ್ ಅನ್ನೋ ಪದ. ಹಬ್ ಆ ಸೆನ್ಸರನ್ನು ಕರೆದು ನೋಡಿ, ಅದು ಓಗೊಡದೆ ಇದ್ದದ್ದಕ್ಕೆ ಹಾಗೆ ಬರೆದಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಬ್ಯಾಟರಿ ಸೆನ್ಸರ್ ವಿಷಯದಲ್ಲಿ ಹಾಗಲ್ಲ. ನಾಣ್ಯದಷ್ಟು ದೊಡ್ಡ ಒಂದು ಬ್ಯಾಟರಿಯಲ್ಲಿ ವರ್ಷಗಟ್ಟಲೆ ಬದುಕಬೇಕಾದ್ದರಿಂದ ಅದು ಹೆಚ್ಚುಕಡಿಮೆ ಇಡೀ ದಿನ ನಿದ್ದೆಯಲ್ಲೇ ಇರುತ್ತದೆ. ರೇಡಿಯೋ ಬಂದ್. ಅಂಕಿ ಬದಲಾದಾಗಲೋ, ಗಂಟೆಗೊಮ್ಮೆಯೋ ಎದ್ದು, ಒಂದು ಮಾತು ಹೇಳಿ, ಮತ್ತೆ ಮಲಗುತ್ತದೆ. ಮಲಗಿದ್ದನ್ನು ಹಬ್ ಎಬ್ಬಿಸೋಕೆ ಆಗೋದಿಲ್ಲ. ಕಾಯಬೇಕು ಅಷ್ಟೇ. ಇಷ್ಟು ಹೊತ್ತಾದರೂ ಸುದ್ದಿ ಇಲ್ಲ ಅಂತಾದಾಗ ಬೂದು ಬಣ್ಣ ಬಳಿಯುತ್ತದೆ. ಎಷ್ಟು ಹೊತ್ತು ಅನ್ನೋದು ಆ್ಯಪ್ ಮಾಡಿದವರ ಲೆಕ್ಕ. ಹೋಮ್ ಅಸಿಸ್ಟೆಂಟ್ ಅನ್ನೋ ತಂತ್ರಾಂಶದ ಜಿಗ್‌ಬೀ ಭಾಗದಲ್ಲಿ ನೀವು ಬದಲಾಯಿಸದಿದ್ದರೆ ಕರೆಂಟ್ ಮೇಲೆ ಓಡೋ ಸಾಧನಕ್ಕೆ 2 ಗಂಟೆ, ಬ್ಯಾಟರಿಯದಕ್ಕೆ 6 ಗಂಟೆ. ಭಾವನ ಆ್ಯಪ್ ಬೇರೆ, ಆದರೆ ನಡೆದದ್ದು ನೋಡಿದರೆ ಅದರ ಲೆಕ್ಕವೂ ಇದರ ಹತ್ತಿರವೇ ಇದೆ.

ಹಾಗಾಗಿ ಒಂದು ಸ್ಕ್ರೀನ್‌ಶಾಟ್ ಸಾಲದು ಅನ್ನಿಸಿತು. "ನಿನ್ನೆ ರಾತ್ರಿ ನೋಡಿದ್ರಾ ಭಾವ?" ಅಂತ ಕೇಳಿದೆ. ನೋಡಿದ್ದರು, ತೆಗೆದೂ ಇಟ್ಟಿದ್ದರು.

ಮಜಾ ಇದ್ದದ್ದು ಅದರಲ್ಲೇ. ಚಿತ್ರದ ಮೇಲ್ತುದಿಯಲ್ಲಿ ಫೋನಿನ ಗಡಿಯಾರ ರಾತ್ರಿ 9:15. ಹಬ್ ಹಸಿರು. ಗೀಸರ್ ಪ್ಲಗ್ ಆಫ್‌ಲೈನ್. ಗೋದಾಮಿನ ಸೆನ್ಸರ್ ಮಾತ್ರ ಏನೂ ಆಗಿಲ್ಲದ ಹಾಗೆ ತೇವಾಂಶ ಶೇ 71 ಅಂತ ತೋರಿಸುತ್ತಿದೆ. ಹಿಗ್ಗಿಸಿ ನೋಡಿದರೆ ಅಂಕಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಕೊನೆಯ ಸುದ್ದಿ ಸಂಜೆ 6:32. ಅಂದರೆ ಆ 71 ಹೆಚ್ಚುಕಡಿಮೆ ಮೂರು ಗಂಟೆ ಹಳೆಯದು! ಬೂದು ಆಗಿದ್ದು ಮಧ್ಯರಾತ್ರಿ ಮೇಲೆ ಇರಬಹುದು, ಆದರೆ ಸೆನ್ಸರ್ ಸುಮ್ಮನಾಗಿದ್ದು ಸಂಜೆಯೇ. ಇಂಥ ಚಿತ್ರ ಕಂಡರೆ ನಾನು ಬಣ್ಣಕ್ಕಿಂತ ಮೊದಲು ಈ ಎರಡು ಗಡಿಯಾರ ನೋಡುತ್ತೇನೆ, ಫೋನಿನದು ಮತ್ತು ಕೊನೆಯ ಸುದ್ದಿಯದು.

ಸಂಜೆ ಏನಾಯಿತು ಅಂತ ಅಕ್ಕನಿಗೆ ಫೋನ್ ಮಾಡಿದೆ. "ಆರೂವರೆ ಆಸುಪಾಸಿಗೆ ಕರೆಂಟ್ ಹೋಯ್ತು ಕಣೋ, ಎಲ್ಲೋ ಮರ ಬಿದ್ದಿದೆಯಂತೆ. ಬೆಳಗ್ಗೆ ಐದಕ್ಕೆ ಬಂತು." ಅಲ್ಲಿಗೆ ಕಥೆ ಬಿಚ್ಚಿಕೊಂಡಿತು.

ಆ ಮನೆಯಲ್ಲಿ ಹಬ್ಬೂ ರೂಟರೂ ಯುಪಿಎಸ್ ಲೈನಿನಲ್ಲಿವೆ. ಆದ್ದರಿಂದ ಕರೆಂಟ್ ಹೋದರೂ ಹಬ್ ಹಸಿರು. ಗೀಸರ್ ಮಾತ್ರ ನೇರ ಲೈನ್, ಅದನ್ನು ಯಾರೂ ಯುಪಿಎಸ್‌ಗೆ ಹಾಕೋದಿಲ್ಲ. ಜಿಗ್‌ಬೀಯಲ್ಲಿ ಕರೆಂಟ್ ಮೇಲೆ ಓಡೋ ಪ್ಲಗ್‌ಗಳು ತಮ್ಮ ಕೆಲಸದ ಜೊತೆಗೆ ಬೇರೆಯವರ ಮಾತನ್ನು ಮುಂದಕ್ಕೆ ದಾಟಿಸುವ ಕೆಲಸವನ್ನೂ ಮಾಡುತ್ತವೆ. ಹಬ್ ಇರೋದು ಹಾಲ್‌ನಲ್ಲಿ, ಗೋದಾಮು ಕಣದ ಆಚೆ, ಮಧ್ಯೆ ಹಳೇ ಕಾಲದ ದಪ್ಪ ಕಲ್ಲುಗೋಡೆ. ಸೆನ್ಸರ್ ಹಿಂದಿನ ಬಚ್ಚಲುಮನೆಯ ಗೀಸರ್ ಪ್ಲಗ್ ಕಿವಿಗೆ ಹೇಳುತ್ತಿತ್ತು, ಪ್ಲಗ್ ಅದನ್ನು ಹಬ್‌ಗೆ ತಲುಪಿಸುತ್ತಿತ್ತು. ಮುಂಬಾಗಿಲಿನ ಸೆನ್ಸರ್ ಹಬ್‌ಗೆ ಹತ್ತಿರ, ಅದಕ್ಕೆ ಮಧ್ಯವರ್ತಿ ಬೇಕಿರಲಿಲ್ಲ.

ಮಳೆಗೆ ಸಿಗ್ನಲ್ ಹೋಯ್ತು ಅಂತ ಭಾವ ಹೇಳಿದ್ದು ಪೂರ್ತಿ ಸರಿ ಅಲ್ಲ. ಜಿಗ್‌ಬೀ ಓಡೋ 2.4 ಗಿಗಾಹರ್ಟ್ಜ್ ಅಲೆಗೆ ಕಣದಷ್ಟು ದೂರದಲ್ಲಿ ಬೀಳೋ ಮಳೆಹನಿ ಲೆಕ್ಕಕ್ಕೇ ಇಲ್ಲ. ನೆನೆದ ಗೋಡೆ, ಒದ್ದೆ ಎಲೆಗಳ ದಟ್ಟಣೆ ಸ್ವಲ್ಪ ತಿನ್ನುತ್ತವೆ, ಅದು ಬೇರೆ. ಇಲ್ಲಿ ಮಳೆ ಕೆಡಿಸಿದ್ದು ಕರೆಂಟನ್ನು, ಕರೆಂಟ್ ಕೆಡಿಸಿದ್ದು ದಾರಿಯನ್ನು.

ಹಾಗಾದರೆ ಕರೆಂಟ್ ಬಂದು ಪ್ಲಗ್ ಎದ್ದ ಮೇಲೂ ಸೆನ್ಸರ್ ಯಾಕೆ ಬರಲಿಲ್ಲ? ದಾರಿ ತಪ್ಪಿದಾಗ ಅದು ಕೆಲವು ಸಲ ಹುಡುಕುತ್ತದೆ. ಯಾರೂ ಸಿಗದಿದ್ದರೆ, ಹುಡುಕೋದಕ್ಕೇ ಬ್ಯಾಟರಿ ಮುಗಿದುಹೋಗಬಾರದು ಅಂತ, ಒಂದು ಹುಡುಕಾಟದಿಂದ ಇನ್ನೊಂದಕ್ಕೆ ಜಾಸ್ತಿ ಹೊತ್ತು ಬಿಡುತ್ತದೆ. ಕೆಲವು ಸೆನ್ಸರ್‌ಗಳು ಯಾರಾದರೂ ಬಟನ್ ಒತ್ತುವವರೆಗೂ ಹುಡುಕುವುದನ್ನೇ ನಿಲ್ಲಿಸಿಬಿಡುತ್ತವೆ. ಬ್ಯಾಟರಿ ಮುಗಿದಿದ್ದರೂ ಬೆಳಗಿನ ಚಿತ್ರ ಹೀಗೇ ಕಾಣುತ್ತಿತ್ತು. ಆದರೆ ಪ್ಲಗ್ಗೂ ಸೆನ್ಸರೂ ಒಂದೇ ಸಂಜೆ, ಒಂದೇ ಹೊತ್ತಿಗೆ ಮಾತು ನಿಲ್ಲಿಸಿದ್ದವು. ಬ್ಯಾಟರಿ ಹಾಗೆ ಕರೆಂಟಿನ ಜೊತೆ ಮಾತಾಡಿಕೊಂಡು ಸಾಯೋದಿಲ್ಲ.

ಅಷ್ಟರಲ್ಲಿ ಭಾವ ಸೆನ್ಸರನ್ನು ಆ್ಯಪಿನಿಂದ ಅಳಿಸಿ ಮತ್ತೆ ಸೇರಿಸೋಕೆ ಹೊರಟಿದ್ದರು. ಬೇಡ ಅಂದೆ. ಅಳಿಸಿದರೆ ಅದಕ್ಕೆ ಕಟ್ಟಿದ ಅಲಾರಂ ಎಲ್ಲ ಹೋಗಬಹುದು, ಅದೂ ಅಲ್ಲದೆ ಕುಶಾಲನಗರದಲ್ಲಿ ಕೂತು ಮತ್ತೆ ಸೇರಿಸೋಕೆ ಆಗೋದಿಲ್ಲ. ಅಕ್ಕ ಕೊಡೆ ಹಿಡಿದು ಗೋದಾಮಿಗೆ ಹೋಗಿ ಬಟನ್ ಒಮ್ಮೆ ಒತ್ತಿದಳು. ಒಮ್ಮೆ, ಚಿಕ್ಕದಾಗಿ. ಒತ್ತಿ ಹಿಡಿದರೆ ಎಲ್ಲ ಅಳಿಸಿ ಹೊಸದಾಗಿಬಿಡುತ್ತದೆ. ನೀಲಿ ದೀಪ ಮಿನುಗಿತು, ಅರ್ಧ ನಿಮಿಷದಲ್ಲಿ ಹೊಸ ಅಂಕಿ ಬಂತು: ಶೇ 78. ರಾತ್ರಿ ಪರದೆ ಮೇಲೆ ನಿಂತಿದ್ದ 71ಕ್ಕೂ ಮೂಟೆಗಳ ಸುತ್ತ ಇದ್ದ ಗಾಳಿಗೂ ಇಷ್ಟು ಅಂತರ.

ಭಾವ ಮನೆಗೆ ಮರಳಿದ ಮೇಲೆ ಇನ್ನೊಂದು ಸಣ್ಣ ಪ್ಲಗ್ ತಂದು ಹಿಂದಿನ ಜಗಲಿಯ ಯುಪಿಎಸ್ ಸಾಕೆಟ್ಟಿಗೆ ಹಾಕಿದೆವು. ಅದಕ್ಕೆ ಏನನ್ನೂ ಜೋಡಿಸಿಲ್ಲ, ಸುಮ್ನೆ ಮಾತು ದಾಟಿಸೋಕೆ. ತಾನೇ ತಿನ್ನೋದು ಒಂದು ವ್ಯಾಟಿನ ಆಸುಪಾಸು. ಆದರೆ ಹೊಸ ಪ್ಲಗ್ ಹಾಕಿದ ಕೂಡಲೇ ಸೆನ್ಸರ್ ಅದರ ಕಡೆ ತಿರುಗುತ್ತದೆ ಅಂತ ನಂಬಬೇಡಿ, ಹಳೆಯದು ಕೇಳಿಸುವವರೆಗೂ ಅದನ್ನೇ ಹಿಡಿದುಕೊಂಡಿರುತ್ತದೆ. ಅದಕ್ಕೇ ಗೀಸರ್ ಲೈನಿನ ಎಂಸಿಬಿ ಇಳಿಸಿ, ಸೆನ್ಸರ್ ಬಟನ್ ಒತ್ತಿ, ಎಂಸಿಬಿಯನ್ನು ಹಾಗೇ ಮೂರು ಗಂಟೆ ಬಿಟ್ಟೆವು. ತಣ್ಣೀರಲ್ಲೇ ಕೈಕಾಲು ತೊಳೆಯಬೇಕಾಗಿ ಬಂದದ್ದಕ್ಕೆ ಅಕ್ಕ ಬೈದಳು. ಭಾವ ಅಡುಗೆಮನೆಯಿಂದಲೇ ಹೊಸ ಸ್ಕ್ರೀನ್‌ಶಾಟ್ ಕಳಿಸಿದರು: ಹಬ್ ಹಸಿರು, ಗೀಸರ್ ಪ್ಲಗ್ ಬೂದು, ಗೋದಾಮು ಶೇ 76, ಕೊನೆಯ ಸುದ್ದಿ ಎರಡು ನಿಮಿಷದ ಹಿಂದೆ.