ಕಾಲಿಂಗ್ ಬೆಲ್ ಕ್ಷೀಣಿಸಿದಾಗ ವೋಲ್ಟೇಜ್ ಎಲ್ಲಿ ಸೋರಿಹೋಗುತ್ತದೆ?

ಕಾಲಿಂಗ್ ಬೆಲ್ ಕ್ಷೀಣವಾಗಿ ಬಾರಿಸತೊಡಗಿದರೆ ಹೆಚ್ಚಿನ ಮನೆಗಳಲ್ಲಿ ಮೊದಲು ಬದಲಾಗುವುದು ಬೆಲ್ಲೇ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ವ್ಯವಸ್ಥೆಯಲ್ಲಿ ಹೀಗೆ ಮಾಡಿದ ಹಣ ಬಹುಮಟ್ಟಿಗೆ ವ್ಯರ್ಥವಾಗುತ್ತದೆ, ಏಕೆಂದರೆ ಅಲ್ಲಿ ಗಂಟೆಗಿಂತ ಮೊದಲು ಸೋಲುವುದು ಗೇಟಿನ ಬಳಿ ಬಿಸಿಲು, ಮಳೆ, ಧೂಳಿಗೆ ಮೈಯೊಡ್ಡಿರುವ ಗುಂಡಿ. ಆದರೆ ಅದನ್ನು ಊಹೆಯಿಂದ ಹೇಳಬೇಕಾಗಿಲ್ಲ. ಸಾಮಾನ್ಯ ಮಲ್ಟಿಮೀಟರ್ ಒಂದಿದ್ದರೆ ದೋಷ ಯಾವ ತುಣುಕಿನಲ್ಲಿದೆಯೆಂಬುದನ್ನು ಬೆಲ್ಲನ್ನು ಬಿಚ್ಚದೆಯೇ ತಿಳಿಯಬಹುದು.

ಮೊದಲಿಗೆ ಮನೆಯಲ್ಲಿರುವುದು ಯಾವ ಬಗೆಯ ಬೆಲ್ ಎಂದು ಖಚಿತಪಡಿಸಿಕೊಳ್ಳಬೇಕು. ಇಂದು ನಮ್ಮ ಊರುಗಳಲ್ಲಿ ಮಾರಾಟವಾಗುವ ಡಿಂಗ್-ಡಾಂಗ್ ಬೆಲ್‌ಗಳಲ್ಲಿ ಅನೇಕವು ನೇರವಾಗಿ 230 ವೋಲ್ಟ್‌ನಲ್ಲಿ ನಡೆಯುತ್ತವೆ. ಅವುಗಳಿಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಗೋಡೆಯ ಗುಂಡಿಯಲ್ಲಿಯೇ ಪೂರ್ಣ ವೋಲ್ಟೇಜ್ ಇರುತ್ತದೆ. ಬೆಲ್ಲಿನ ಹಿಂಬದಿಯ ಚೀಟಿಯಲ್ಲಿ 230 ವೋಲ್ಟ್ ಎಂದಿದ್ದರೆ ಮುಂದೆ ಹೇಳುವ ಅಳತೆಗಳನ್ನು ಸ್ವತಃ ಮಾಡಲು ಹೋಗದೆ, ಎಂಸಿಬಿ ಇಳಿಸಿ, ತಿಳಿದ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸುವುದೇ ಸರಿ. ಚೀಟಿಯಲ್ಲಿ 8 ಅಥವಾ 12 ವೋಲ್ಟ್ ಎಂದಿದ್ದರೆ ಮೀಟರ್ ಬೋರ್ಡಿನ ಆಸುಪಾಸಿನಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ಒಂದು ಇದ್ದೇ ಇರುತ್ತದೆ. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ನಿಯಾನ್ ದೀಪದ ಟೆಸ್ಟರ್ 12 ವೋಲ್ಟ್‌ಗೆ ಉರಿಯುವುದಿಲ್ಲ. ಆದ್ದರಿಂದ ಗುಂಡಿಯ ತಂತಿಗೆ ಟೆಸ್ಟರ್ ಇಟ್ಟು, ಅದು ಉರಿಯಲಿಲ್ಲವೆಂದು ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದು ತೀರ್ಮಾನಿಸಬಾರದು. ಅಲ್ಲಿ ಟೆಸ್ಟರ್ ಉರಿದರೆ ಮಾತ್ರ ತಕ್ಷಣ ಕೈ ಹಿಂತೆಗೆಯಬೇಕು, 230 ವೋಲ್ಟ್ ಎಲ್ಲಿಂದಲೋ ಒಳನುಗ್ಗಿದೆ ಎಂದೇ ಅದರ ಅರ್ಥ.

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳಿಗೆ ಹತ್ತಿರವಿರುವ ಒಂದು ಹಳೆಯ ಮನೆಯ ಬೆಲ್ಲನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಒತ್ತಿದಾಗ ಬರಬೇಕಾದ ಡಿಂಗ್ ಬಹಳ ಮೆಲ್ಲಗೆ ಕೇಳುತ್ತಿತ್ತು, ಜೊತೆಗೆ ಗುಂಯ್ ಎಂಬ ಸದ್ದಿತ್ತು; ಕೈ ಬಿಟ್ಟಾಗ ಬರುವ ಡಾಂಗ್ ಕೂಡ ಸಪ್ಪೆಯಾಗಿತ್ತು. ಈ ಬಗೆಯ ಬೆಲ್ಲಿನಲ್ಲಿ ತಂತಿಯ ಸುರುಳಿಯೊಳಗೆ ಒಂದು ಕಬ್ಬಿಣದ ಸಲಾಕೆ ಇರುತ್ತದೆ. ವಿದ್ಯುತ್ ಹರಿದಾಗ ಸುರುಳಿಯು ಸಲಾಕೆಯನ್ನು ಎಳೆದು ಒಂದು ಲೋಹದ ಪಟ್ಟಿಗೆ ಬಡಿಯುವಂತೆ ಮಾಡುತ್ತದೆ, ಗುಂಡಿ ಬಿಟ್ಟಾಗ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳಿ ಇನ್ನೊಂದು ಪಟ್ಟಿಗೆ ಬಡಿಸುತ್ತದೆ. ಎಳೆತ ಅರ್ಧದಾರಿಯಲ್ಲೇ ಸೋತರೆ ಸ್ಪ್ರಿಂಗ್ ಪೂರ್ತಿ ಅದುಮಲ್ಪಡದೆ ಡಾಂಗ್ ಸಹ ಸೊರಗುತ್ತದೆ. ಹೀಗಾಗಿ ಎರಡೂ ಸ್ವರಗಳು ಒಟ್ಟಿಗೆ ಕುಂದಿದ್ದರೆ ಸುರುಳಿಗೆ ವಿದ್ಯುತ್ ಸಾಲುತ್ತಿಲ್ಲ ಎಂದೋ, ಸಲಾಕೆ ಧೂಳಿನಿಂದ ಬಿಗಿದಿದೆ ಎಂದೋ ಅನುಮಾನಿಸಬೇಕು.

ಟ್ರಾನ್ಸ್‌ಫಾರ್ಮರ್‌ನ 12 ವೋಲ್ಟ್ ತುದಿಗಳಲ್ಲಿ ಎ.ಸಿ. ವೋಲ್ಟೇಜ್ ಅಳೆದಾಗ ಮೀಟರ್ 15 ತೋರಿಸಿತು. ಇದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ. ಸಣ್ಣ ಟ್ರಾನ್ಸ್‌ಫಾರ್ಮರ್‌ಗಳು ಹೊರೆಯಿಲ್ಲದಾಗ ಬರೆದದ್ದಕ್ಕಿಂತ ಹೆಚ್ಚೇ ಕೊಡುತ್ತವೆ. ಆದರೆ ಇದರಿಂದ ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ ಎಂಬುದೂ ಸಿದ್ಧವಾಗುವುದಿಲ್ಲ. ಪ್ರವಾಹವೇ ಹರಿಯದಿದ್ದಾಗ ಎಷ್ಟು ಕೆಟ್ಟ ಜೋಡಣೆಯಲ್ಲಿಯೂ ವೋಲ್ಟೇಜ್ ನಷ್ಟವಾಗುವುದಿಲ್ಲ. ನಷ್ಟ ಕಾಣಬೇಕಾದರೆ ಒಬ್ಬರು ಗುಂಡಿಯನ್ನು ಒತ್ತಿ ಹಿಡಿದಿರಬೇಕು, ಇನ್ನೊಬ್ಬರು ಆಗಲೇ ಅಳೆಯಬೇಕು. ಸುರುಳಿ ಬಿಸಿಯಾಗುವುದರಿಂದ ಕೆಲವು ಸೆಕೆಂಡುಗಳಿಗಿಂತ ಹೆಚ್ಚು ಒತ್ತಿ ಹಿಡಿಯಬಾರದು.

ಹಾಗೆ ಅಳೆದಾಗ ಟ್ರಾನ್ಸ್‌ಫಾರ್ಮರ್‌ನಲ್ಲಿ 13 ವೋಲ್ಟ್, ಬೆಲ್ಲಿನ ತುದಿಗಳಲ್ಲಿ ಕೇವಲ 9 ವೋಲ್ಟ್ ಕಂಡಿತು. ಉಳಿದದ್ದು ದಾರಿಯಲ್ಲೇ ಖರ್ಚಾಗುತ್ತಿತ್ತು. ಒತ್ತಿ ಹಿಡಿದ ಗುಂಡಿಯ ಎರಡು ಸ್ಕ್ರೂಗಳ ನಡುವೆ ಮೀಟರ್ ಇಟ್ಟಾಗ ಉತ್ತರ ಸಿಕ್ಕಿತು: 5.2 ವೋಲ್ಟ್. ಒತ್ತಿದ ಗುಂಡಿ ತಂತಿಯ ತುಂಡಿನಂತೆಯೇ ವರ್ತಿಸಬೇಕು, ಅದರ ಎರಡು ಬದಿಗಳ ನಡುವೆ ಬಹುತೇಕ ಶೂನ್ಯವಿರಬೇಕು. ಇಲ್ಲಿ ಗುಂಡಿಯೇ ಸುಮಾರು 7 ಓಂ ರೋಧವಾಗಿ ಕುಳಿತಿತ್ತು.

9 ಮತ್ತು 5.2 ಕೂಡಿಸಿದರೆ 13 ಆಗುವುದಿಲ್ಲವಲ್ಲ, 14 ದಾಟುತ್ತದೆ ಎಂದು ಗಮನವಿಟ್ಟು ಓದುವವರು ಕೇಳಬಹುದು. ಅಳತೆ ತಪ್ಪಿಲ್ಲ. ಸುರುಳಿಯಲ್ಲಿ ಪ್ರವಾಹವು ವೋಲ್ಟೇಜಿಗಿಂತ ತುಸು ಹಿಂದೆ ಉಳಿಯುತ್ತದೆ, ಗುಂಡಿಯ ರೋಧದಲ್ಲಿ ಹಾಗೆ ಉಳಿಯುವುದಿಲ್ಲ. ಎರಡು ವೋಲ್ಟೇಜುಗಳು ಒಂದೇ ಕ್ಷಣದಲ್ಲಿ ತಮ್ಮ ಗರಿಷ್ಠಕ್ಕೆ ತಲುಪದಿರುವುದರಿಂದ ಮೀಟರ್ ತೋರಿಸುವ ಸಂಖ್ಯೆಗಳನ್ನು ನೇರವಾಗಿ ಕೂಡಿಸಲು ಬರುವುದಿಲ್ಲ. ದುರಸ್ತಿಯ ಮಟ್ಟಿಗೆ ಗುಂಡಿಯ ಮೇಲಿನ 5.2 ಎಂಬ ಒಂದೇ ಸಂಖ್ಯೆ ಸಾಕು.

ಗುಂಡಿಯನ್ನು ಬಿಚ್ಚಿದಾಗ ಒಳಗಿನ ಹಿತ್ತಾಳೆಯ ಪಟ್ಟಿ ಕಪ್ಪಾಗಿತ್ತು, ಮಸಿ ಬೆರೆತ ಧೂಳು ಮೂಲೆಗಳಲ್ಲಿ ಕೂತಿತ್ತು, ಒಂದು ಸ್ಕ್ರೂ ಸಡಿಲವಾಗಿತ್ತು. ಎರಡು ಲೋಹಗಳು ಬರಿಗಣ್ಣಿಗೆ ಪೂರ್ತಿ ತಾಗಿದಂತೆ ಕಂಡರೂ ನಿಜವಾಗಿ ತಾಗುವುದು ಕೆಲವೇ ಸೂಕ್ಷ್ಮ ಉಬ್ಬುಗಳಲ್ಲಿ. ಆ ಉಬ್ಬುಗಳ ಮೇಲೆ ತೇವ ಮತ್ತು ಧೂಳಿನಿಂದ ಆಕ್ಸೈಡ್ ಪದರ ಬೆಳೆದರೆ ವಿದ್ಯುತ್ತಿಗೆ ದಾರಿ ಕಿರಿದಾಗುತ್ತದೆ. 230 ವೋಲ್ಟ್‌ನ ಸ್ವಿಚ್ಚಿನಲ್ಲಿ ಐದು ವೋಲ್ಟ್ ಹೋದರೆ ಯಾರಿಗೂ ತಿಳಿಯುವುದಿಲ್ಲ, 12 ವೋಲ್ಟ್‌ನಲ್ಲಿ ಅದೇ ಐದು ವೋಲ್ಟ್ ಗಂಟೆಯ ದನಿಯನ್ನೇ ಅಡಗಿಸುತ್ತದೆ.

ಎಂಸಿಬಿ ಇಳಿಸಿ, ನಯವಾದ ಸ್ಯಾಂಡ್ ಪೇಪರಿನ ಸಣ್ಣ ಪಟ್ಟಿಯಿಂದ ಎರಡೂ ಸಂಪರ್ಕಬಿಂದುಗಳನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಪುಡಿಯನ್ನು ಒಣಬಟ್ಟೆಯಿಂದ ಒರೆಸಿ, ಪಟ್ಟಿಯನ್ನು ತುಸು ಬಾಗಿಸಿ ಬಿಗಿಯಾಗಿ ತಾಗುವಂತೆ ಮಾಡಲಾಯಿತು. ತಂತಿಯ ಕಪ್ಪಾದ ತುದಿಗಳನ್ನು ಕತ್ತರಿಸಿ, ಹೊಸ ತಾಮ್ರ ಕಾಣುವಂತೆ ಸಿಪ್ಪೆ ಸುಲಿದು ಸ್ಕ್ರೂಗಳಿಗೆ ಬಿಗಿಯಲಾಯಿತು. ಮತ್ತೆ ಅಳೆದಾಗ ಗುಂಡಿಯ ಮೇಲೆ 0.1 ವೋಲ್ಟ್, ಬೆಲ್ಲಿನಲ್ಲಿ 12.6. ಟ್ರಾನ್ಸ್‌ಫಾರ್ಮರ್ ತುದಿಯ ವೋಲ್ಟೇಜ್ ಮೊದಲಿನ 13ರಿಂದ 12.7ಕ್ಕೆ ಇಳಿದದ್ದು ಒಳ್ಳೆಯ ಲಕ್ಷಣ, ಏಕೆಂದರೆ ಈಗ ಪ್ರವಾಹ ಹೆಚ್ಚು ಹರಿಯುತ್ತಿತ್ತು. ಎಳೆತದ ಬಲವು ಸರಿಸುಮಾರು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ 9 ವೋಲ್ಟ್‌ನಲ್ಲಿ ಸಲಾಕೆಗೆ ಸಿಗುತ್ತಿದ್ದ ಬಲ ಈಗಿನ ಬಲದ ಅರ್ಧದಷ್ಟೇ ಆಗಿತ್ತು. ಗುಂಡಿಯ ಮೇಲೆ ನಷ್ಟವಿಲ್ಲದೆ, ಬೆಲ್ಲಿಗೆ ಪೂರ್ಣ ವೋಲ್ಟೇಜ್ ತಲುಪಿಯೂ ದನಿ ಏಳದಿದ್ದರೆ ಆಗ ಸಲಾಕೆಯನ್ನು ಹೊರತೆಗೆದು ಒಣಬಟ್ಟೆಯಿಂದ ಒರೆಸಬೇಕು. ಎಣ್ಣೆ ಮಾತ್ರ ಹಾಕಬಾರದು, ಅದು ಧೂಳನ್ನು ಹಿಡಿದು ಇನ್ನಷ್ಟು ಬಿಗಿಯುತ್ತದೆ.

ಬೆಲ್ ಪೂರ್ತಿ ಮೌನವಾಗಿದ್ದರೂ ಪರೀಕ್ಷೆಯನ್ನು ಗುಂಡಿಯಿಂದಲೇ ಆರಂಭಿಸುವುದು ಲೇಸು. ಒತ್ತದಿರುವಾಗ ಗುಂಡಿಯ ಸ್ಕ್ರೂಗಳ ನಡುವೆ 15 ವೋಲ್ಟ್ ಕಂಡರೆ ಟ್ರಾನ್ಸ್‌ಫಾರ್ಮರ್, ತಂತಿ, ಬೆಲ್ಲಿನ ಸುರುಳಿ ಮೂರೂ ಎಲ್ಲಿಯೂ ತುಂಡಾಗಿಲ್ಲವೆಂದು ಒಂದೇ ಏಟಿಗೆ ತಿಳಿಯುತ್ತದೆ, ಏಕೆಂದರೆ ಆ ವೋಲ್ಟೇಜ್ ಅವೆಲ್ಲವನ್ನೂ ಹಾದೇ ಗುಂಡಿಗೆ ಬಂದಿರಬೇಕು. ಒತ್ತಿದ ಮೇಲೂ 15 ಹಾಗೇ ಉಳಿದರೆ ಗುಂಡಿಯೊಳಗೆ ಸಂಪರ್ಕವೇ ಆಗುತ್ತಿಲ್ಲ. ಒತ್ತದಿರುವಾಗಲೇ ಸೊನ್ನೆ ಇದ್ದರೆ ಟ್ರಾನ್ಸ್‌ಫಾರ್ಮರ್ ಕಡೆಗೆ ಹೋಗಬೇಕು. ಅಲ್ಲಿ 230 ವೋಲ್ಟ್ ಒಳಬರುತ್ತಿದ್ದು, ಹೊರಬದಿಯ ತಂತಿಗಳನ್ನು ಬಿಡಿಸಿದ ಮೇಲೂ ಏನೂ ಬರದಿದ್ದರೆ ಒಳಸುರುಳಿ ಕಡಿದಿದೆ. ಒಳಬದಿಯ ಈ ಅಳತೆಯನ್ನು ಎಲೆಕ್ಟ್ರಿಷಿಯನ್ ಮಾಡುವುದು ಕ್ಷೇಮ. ಸುಟ್ಟ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಸುತ್ತಿಸುವುದಕ್ಕಿಂತ ಅದೇ ವೋಲ್ಟೇಜಿನ, ಕಡಿಮೆಯಿಲ್ಲದ ಆಂಪಿಯರ್ ಸಾಮರ್ಥ್ಯದ ಬೇರೊಂದನ್ನು ಹಾಕಿಸಬೇಕು. ಆದರೆ ಹಾಕಿಸುವ ಮೊದಲು ಗೇಟಿನ ಗುಂಡಿ ಒಳಕ್ಕೆ ಸಿಕ್ಕಿಕೊಂಡು ಹಾಗೇ ಒತ್ತಿದಂತೆ ಉಳಿದಿದೆಯೇ ಎಂದು ನೋಡಲೇಬೇಕು. ಕೆಲವು ಕ್ಷಣಗಳಿಗೆಂದು ಮಾಡಿದ ಟ್ರಾನ್ಸ್‌ಫಾರ್ಮರ್ ರಾತ್ರಿಯಿಡೀ ಪ್ರವಾಹ ಹರಿಸುತ್ತ ಕುದಿಯುವುದು ಆಗಲೇ, ಮತ್ತು ಗುಂಡಿಯನ್ನು ಸರಿಪಡಿಸದೆ ಕೂಡಿಸಿದ ಹೊಸದೂ ಅದೇ ರೀತಿ ಸುಡುತ್ತದೆ.