ನೆಟ್, ಗ್ರಾಸ್, ಮಾಡಿಫೈಡ್ ಗ್ರಾಸ್: ಮಳಿಗೆ ಬಾಡಿಗೆಯಲ್ಲಿ ಖರ್ಚು ಯಾರದು?

ಬಳ್ಳಾರಿಯಲ್ಲಿ ಮಳಿಗೆ ಹುಡುಕುವವರಿಗೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: "ನೆಟ್ ಬಾಡಿಗೆ 50,000, ಎಲ್ಲಾ ಸೇರಿ." ಎಷ್ಟು ಸಲ ಕೇಳಿದರೂ ಇದು ತಪ್ಪೇ. ಎಲ್ಲಾ ಸೇರಿದ್ದರೆ ಅದು ಗ್ರಾಸ್. ನೆಟ್ ಅಂದರೆ ನೇರ ಉಲ್ಟಾ. ಬಾಯಿಮಾತಿಗೆ ನಿಂತಿದ್ದರೆ ಬಿಡಬಹುದಿತ್ತು. ಆದರೆ ಈ ಪದ ಹಾಗೇ ಕರಾರು ಪತ್ರಕ್ಕೂ ಹೋಗುತ್ತದೆ. ಮೊದಲ ಮೇಂಟೆನೆನ್ಸ್ ಬಿಲ್ ಬಂದ ದಿನ ಜಗಳ ಶುರು.

ಬಟ್ಟೆ ವ್ಯಾಪಾರದಲ್ಲಿ "ನೆಟ್ ರೇಟ್" ಅಂದರೆ ಇನ್ನು ಚೌಕಾಸಿ ಇಲ್ಲದ ಕೊನೆಯ ರೇಟ್. ಆ ಅರ್ಥವನ್ನೇ ಬಾಡಿಗೆಗೂ ಹಚ್ಚಿದ್ದಾರೆ. ಬಾಡಿಗೆ ಕರಾರಿನಲ್ಲಿ ನೆಟ್ ಎಂಬುದು ಮಾಲೀಕರ ಕಡೆಯಿಂದ ನೋಡಿದ ಲೆಕ್ಕ. ಕಟ್ಟಡದ ಖರ್ಚಿನ ಭಾರವಿಲ್ಲದೆ ಅವರ ಕೈಯಲ್ಲಿ ಉಳಿಯುವ ಬಾಡಿಗೆ ಅದು. ಹಾಗಾದರೆ ಖರ್ಚು ಕೊಡುವವರು ಯಾರು? ಬಾಡಿಗೆದಾರರು, ಬಾಡಿಗೆಯ ಮೇಲೆ ಬೇರೆಯಾಗಿ. ಆಸ್ತಿ ತೆರಿಗೆ ಮಾತ್ರ ಅವರ ಮೇಲೆ ಬಿದ್ದರೆ ಸಿಂಗಲ್ ನೆಟ್, ಕಟ್ಟಡದ ವಿಮೆಯೂ ಬಿದ್ದರೆ ಡಬಲ್ ನೆಟ್, ಮೇಂಟೆನೆನ್ಸ್ ಕೂಡ ಸೇರಿದರೆ ಟ್ರಿಪಲ್ ನೆಟ್. ಈ ಹೆಸರುಗಳು ಅಮೆರಿಕದ ರೂಢಿ. ನಮ್ಮಲ್ಲಿ ಹೆಸರು ಬಳಸದೆಯೂ ಇಂಥ ಕರಾರು ನಡೆಯುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಬೆಂಗಳೂರು ರಸ್ತೆಯಲ್ಲಿ ಒಂದು ಕಾಂಪ್ಲೆಕ್ಸ್ ಇದೆ ಅಂದುಕೊಳ್ಳಿ. ತಲಾ 1,000 ಚದರ ಅಡಿಯ ನಾಲ್ಕು ಮಳಿಗೆ. ಪಾಲಿಕೆಯ ಆಸ್ತಿ ತೆರಿಗೆ, ಕಟ್ಟಡದ ವಿಮೆ, ವಾಚ್‌ಮನ್ ಸಂಬಳ, ಲಿಫ್ಟ್ ಸರ್ವಿಸ್, ಜನರೇಟರ್ ಡೀಸೆಲ್, ಕಾಮನ್ ಮೀಟರ್ ಬಿಲ್ ಎಲ್ಲ ಸೇರಿ ವರ್ಷಕ್ಕೆ 4,80,000 ರೂಪಾಯಿ ಖರ್ಚು. ಒಂದು ಮಳಿಗೆಯ ಪಾಲು ತಿಂಗಳಿಗೆ 10,000.

ಗ್ರಾಸ್ ಆದರೆ ಬಾಡಿಗೆ 50,000. ಖರ್ಚನ್ನೆಲ್ಲ ಮಾಲೀಕರು ಅದರಲ್ಲೇ ನಿಭಾಯಿಸಬೇಕು. ನೆಟ್ ಆದರೆ ಬಾಡಿಗೆ 40,000, ಜೊತೆಗೆ ಖರ್ಚಿನ ಪಾಲು 10,000. ಮೊದಲ ವರ್ಷ ಎರಡೂ ಒಂದೇ, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಡೀಸೆಲ್, ತೆರಿಗೆ ಏರಿ ಪಾಲು 12,000 ಆಯಿತು ಅನ್ನಿ. ಆ 2,000 ಗ್ರಾಸ್‌ನಲ್ಲಿ ಮಾಲೀಕರ ಜೇಬಿನಿಂದ ಹೋಗುತ್ತದೆ, ನೆಟ್‌ನಲ್ಲಿ ಬಾಡಿಗೆದಾರರ ಜೇಬಿನಿಂದ. ವ್ಯತ್ಯಾಸ ಇಷ್ಟೇ: ಖರ್ಚು ಏರುವ ಅಪಾಯವನ್ನು ಯಾರು ಹೊರುತ್ತಾರೆ ಎಂಬುದು.

ಇನ್ನು ಮಾಡಿಫೈಡ್ ಗ್ರಾಸ್. "ಎರಡರ ನಡುವಿನದು, ಇಬ್ಬರಿಗೂ ಸಮ" ಎಂದು ವಿವರಿಸಿ ಮುಂದೆ ಹೋಗುವವರೇ ಜಾಸ್ತಿ. ಈ ವಿವರಣೆ ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ, ಯಾಕೆಂದರೆ ಬಾಡಿಗೆದಾರರು ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲೇ. ಇದಕ್ಕೆ ಒಂದೇ ರೂಪವಿಲ್ಲ. ಕೆಲವು ಕರಾರಿನಲ್ಲಿ ತೆರಿಗೆ, ವಿಮೆ ಮಾಲೀಕರದು. ಕರೆಂಟು, ಕ್ಲೀನಿಂಗ್ ಬಾಡಿಗೆದಾರರದು. ಅದು ಸರಳ. ತೊಡಕಿರುವುದು "ಬೇಸ್ ಇಯರ್" ಇರುವ ರೂಪದಲ್ಲಿ. ಮೊದಲ ವರ್ಷದ ಖರ್ಚು ಬಾಡಿಗೆಯೊಳಗೇ ಸೇರಿರುತ್ತದೆ. ಮುಂದಿನ ವರ್ಷಗಳಲ್ಲಿ ಅದಕ್ಕಿಂತ ಎಷ್ಟು ಜಾಸ್ತಿಯಾಯಿತೋ ಅಷ್ಟನ್ನು ಬಾಡಿಗೆದಾರರು ಕೊಡಬೇಕು.

ಇದೇ ಕಾಂಪ್ಲೆಕ್ಸಿನಲ್ಲಿ ಮೂರು ವರ್ಷಕ್ಕೊಮ್ಮೆ ಬಾಡಿಗೆ ಶೇ. 15 ಏರಿಸುವ ಷರತ್ತು ಹಾಕೋಣ. ಖರ್ಚಿನ ಪಾಲು ಆ ಹೊತ್ತಿಗೆ 12,000 ಆಗಿದೆ. ಗ್ರಾಸ್‌ನಲ್ಲಿ 50,000 ಹೋಗಿ 57,500 ಆಗುತ್ತದೆ. ನೆಟ್‌ನಲ್ಲಿ 40,000 ಹೋಗಿ 46,000, ಜೊತೆಗೆ 12,000, ಒಟ್ಟು 58,000. ಮಾಡಿಫೈಡ್ ಗ್ರಾಸ್‌ನಲ್ಲಿ? 57,500, ಮೇಲೆ ಹೆಚ್ಚಾದ 2,000. ಒಟ್ಟು 59,500. ನಡುವಿನದು ಎಂದು ಸಹಿ ಹಾಕಿದ ಕರಾರೇ ಎಲ್ಲಕ್ಕಿಂತ ದುಬಾರಿಯಾಯಿತು.

ಕಾರಣ ಹೀಗಿದೆ. 50,000ದ ಒಳಗೆ 10,000 ಖರ್ಚಿನ ಹಣ. ಅದರ ಮೇಲೂ ಶೇ. 15 ಏರಿಸಿದಾಗಲೇ ಖರ್ಚು ಏರಿದ್ದಕ್ಕೆ 1,500 ಸಿಕ್ಕಿತು. ಮತ್ತೆ ಅದೇ ಖರ್ಚಿನ ಹೆಸರಲ್ಲಿ 2,000 ವಸೂಲಿ. ಇದನ್ನು ಎರಡು ರೀತಿಯಲ್ಲಿ ಸರಿಪಡಿಸಬಹುದು. ಶೇ. 15ನ್ನು 40,000ದ ಭಾಗಕ್ಕೆ ಮಾತ್ರ ಹಾಕಿದರೆ 58,000ಕ್ಕೆ ನಿಲ್ಲುತ್ತದೆ. ಇಲ್ಲವೇ ಬಾಡಿಗೆ ಏರಿದ ವರ್ಷವನ್ನೇ ಹೊಸ ಬೇಸ್ ಇಯರ್ ಮಾಡಿದರೆ ಆ ವರ್ಷ 57,500. ಯಾವುದಾದರೂ ಒಂದನ್ನು ಕರಾರಿನಲ್ಲೇ ಬರೆಸಬೇಕು. ಆಮೇಲೆ ಕೇಳಿದರೆ ಯಾರು ಕೊಡುತ್ತಾರೆ?

ಬೇಸ್ ಇಯರ್ ಯಾವುದು ಎಂಬುದೂ ಮುಖ್ಯ. ಕಾಂಪ್ಲೆಕ್ಸ್ ಹೊಸದು, ನಾಲ್ಕರಲ್ಲಿ ಎರಡು ಮಳಿಗೆ ಖಾಲಿ ಇದ್ದ ವರ್ಷವನ್ನು ಹಿಡಿದರೆ ಡೀಸೆಲ್, ಕ್ಲೀನಿಂಗ್ ಎಲ್ಲ ಕಡಿಮೆ ಇರುತ್ತದೆ. ಪೂರ್ತಿ ಕಟ್ಟಡಕ್ಕೆ ತೆರಿಗೆ ಇನ್ನೂ ನಿಗದಿಯಾಗದೇ ಇರಬಹುದು. ಆ ವರ್ಷದ ಪಾಲು ತಿಂಗಳಿಗೆ 7,500 ಮಾತ್ರ ಇತ್ತು ಅನ್ನಿ. ಮುಂದೆ 12,000 ಆದಾಗ ನೀವು ಕೊಡುವ ಹೆಚ್ಚುವರಿ 2,000 ಅಲ್ಲ, 4,500. ಕಟ್ಟಡ ಪೂರ್ತಿ ತುಂಬಿದ್ದರೆ ಎಷ್ಟು ಖರ್ಚಾಗುತ್ತಿತ್ತೋ ಅದನ್ನೇ ಬೇಸ್ ಎಂದು ಹಿಡಿಯಬೇಕು. ಪಾಲನ್ನೂ ಕಟ್ಟಡದ ಒಟ್ಟು ಚದರ ಅಡಿಯ ಮೇಲೆ ಹಾಕಬೇಕು. ಬಾಡಿಗೆಗೆ ಹೋದ ಚದರ ಅಡಿಯ ಮೇಲೆ ಹಾಕಿದರೆ ಖಾಲಿ ಮಳಿಗೆಗಳ ಖರ್ಚೂ ನಿಮ್ಮ ಬಿಲ್ಲಿಗೇ ಬರುತ್ತದೆ.

ನೆಟ್ ಅಂದಕೂಡಲೇ ಮೋಸ ಎಂದು ಓಡಬೇಕಿಲ್ಲ. ಗಂಗಾವತಿ ಕಡೆ ಭತ್ತ ಇಡುವ ಗೋಡೌನಿಗೆ ಅದೇ ಸರಿಯಾಗಿ ಒಪ್ಪುತ್ತದೆ. ಇಡೀ ಕಟ್ಟಡಕ್ಕೆ ಒಬ್ಬರೇ ಬಾಡಿಗೆದಾರರು, ಬೀಗ ಅವರದೇ, ಪಾಲು ಹಂಚುವ ತಕರಾರೇ ಇಲ್ಲ. ಆದರೆ ಚಾವಣಿಯ ಮಾತು ಬಿಡಿಸಿ ಬರೆಯಬೇಕು. ಟ್ರಿಪಲ್ ನೆಟ್‌ನಲ್ಲೂ ಚಾವಣಿ, ಹೊರಗೋಡೆ, ಪಾಯದಂಥ ದೊಡ್ಡ ರಿಪೇರಿಯನ್ನು ಸಾಮಾನ್ಯವಾಗಿ ಮಾಲೀಕರಿಗೇ ಬಿಡುತ್ತಾರೆ. ಬರೀ "ಮೇಂಟೆನೆನ್ಸ್ ಬಾಡಿಗೆದಾರರದು" ಎಂದು ಬರೆದು ಕೂತರೆ, ಗಾಳಿಗೆ ಶೀಟು ಹಾರಿದ ದಿನ ಇಬ್ಬರೂ ಆ ಒಂದೇ ಸಾಲನ್ನು ತಮಗೆ ಬೇಕಾದಂತೆ ಓದುತ್ತಾರೆ. ವಿಮೆಯದೂ ಇದೇ ಕಥೆ. ನೀವು ಕಂತು ತುಂಬುತ್ತಿರುವುದು ಕಟ್ಟಡದ ಪಾಲಿಸಿಗೆ. ಒಳಗಿನ ಭತ್ತದ ಚೀಲಗಳಿಗೆ ನಿಮ್ಮದೇ ಬೇರೆ ಪಾಲಿಸಿ ಬೇಕು.

ಜಿಎಸ್‌ಟಿ ಈ ಮೂರರ ಯಾವ ವಿಂಗಡಣೆಗೂ ಸೇರಿದ್ದಲ್ಲ. ಗ್ರಾಸ್ ಎಂದ ಮಾತ್ರಕ್ಕೆ ಅದು ಒಳಗೆ ಬಂತು ಅಂತ ತಿಳಿಯಬೇಡಿ. ಬೇರೆಯೋ, ಸೇರಿದೆಯೋ ಅಂತ ಕರಾರಿನಲ್ಲಿ ಪ್ರತ್ಯೇಕ ಸಾಲಿರಲಿ.

ಗ್ರಾಸ್ ಕರಾರಿನಲ್ಲಿ ಮಾಲೀಕರು ತೆರಿಗೆ ಕಟ್ಟದೇ ಬಿಟ್ಟರೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ನಿನಲ್ಲಿ ಇದಕ್ಕೆ ದಾರಿ ಇದೆ. ಮಾಲೀಕರು ಕಟ್ಟಬೇಕಾದ, ಕಟ್ಟದಿದ್ದರೆ ಬಾಡಿಗೆದಾರರಿಂದಲೋ ಆಸ್ತಿಯ ಮೇಲೋ ವಸೂಲಾಗಬಹುದಾದ ಹಣವನ್ನು ಬಾಡಿಗೆದಾರರೇ ಕಟ್ಟಿ, ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿದ್ದರೆ, ಇಲ್ಲವೇ ಸ್ಥಳೀಯ ರೂಢಿ ಬೇರೆ ಇದ್ದರೆ ಮಾತ್ರ ಈ ಹಕ್ಕು ಇರುವುದಿಲ್ಲ. ಆದ್ದರಿಂದ ಬಾಡಿಗೆಯಲ್ಲಿ "ಯಾವುದೇ ಕಡಿತ ಮಾಡುವಂತಿಲ್ಲ" ಎಂಬ ಸಾಲು ಕಂಡರೆ ಸಹಿಗೆ ಮುಂಚೆಯೇ ತೆಗೆಸಿ.